ರಷ್ಯದಲ್ಲಿ ಈಗ ಗಂಟೆ ಎಷ್ಟು?

ಸಂಪಾದಕ: ಮುಂದಿನ ವರ್ಷದ ದಿನದರ್ಶಿಕೆಯ ಕೊನೆಯಲ್ಲಿ, ರಾಹುಕಾಲ ಗುಳಿಕಕಾಲಗಳ ಪಟ್ಟಿ ಮುಗಿದ ಬಳಿಕ, ‘ಪರದೇಶಗಳಲ್ಲಿ ಗಂಟೆ’ ಎಂಬ ಒಂದು ಕೋಷ್ಟಕವನ್ನು ಸೇರಿಸಬೇಕೆಂದು ಯೋಚಿಸಿದ್ದೇವೆ. ನಮ್ಮಲ್ಲಿ ನಡುಹಗಲು ಹನ್ನೆರಡು ಹೊಡೆದಾಗ ಇತರ ದೇಶಗಳ ಗಡಿಯಾರಗಳು ಏನನ್ನು ತೋರಿಸುತ್ತಿರುತ್ತವೆ ಎಂಬುದನ್ನು ದೇಶಕ್ಕೆ ಒಂದೊಂದು ಸಾಲಿನಲ್ಲಿ ತಿಳಿಸುವುದು ಅದರ ಉದ್ದೇಶ. ನೇಪಾಳದ ಸಾಲು ಬರೆದಾಯಿತು, ಜಪಾನಿನ ಸಾಲು ಬರೆದಾಯಿತು. ಅವೆರಡಕ್ಕೂ ದೇಶಕ್ಕೆಲ್ಲ ಒಂದೊಂದೇ ಗಡಿಯಾರವಾದುದರಿಂದ ಕಷ್ಟವೇನೂ ಆಗಲಿಲ್ಲ. ರಷ್ಯದ ಸಾಲಿಗೆ ಬಂದೊಡನೆ ಲೇಖನಿ ನಿಂತಿತು. ಆ ದೇಶದಲ್ಲಿ ಅಧಿಕೃತವಾದ ಕಾಲವಲಯಗಳೇ ಹನ್ನೊಂದಿವೆಯಂತೆ. ತಾವು ಆಯುಷ್ಯದ ಬಹುಭಾಗವನ್ನು ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿ ಗಡಿಯಾರದ ಎದುರು ಕುಳಿತು ಕಳೆದವರು. ಆ ಒಂದು ಸಾಲಿನಲ್ಲಿ ಯಾವ ಗಂಟೆಯನ್ನು ಬರೆಯಬೇಕೆಂಬುದನ್ನು ತಾವೇ ಹೇಳಬೇಕು.

ಹಿರಿಯರು: ಹನ್ನೊಂದೆಂಬುದು ನಿಜ. ಬೆಂಗಳೂರಿನಲ್ಲಿ ಹನ್ನೆರಡಾದಾಗ, ಬಾಲ್ಟಿಕ್ ಸಮುದ್ರದ ದಡದ ಕಲಿನಿನ್‌ಗ್ರಾದಿನಲ್ಲಿ ಬೆಳಗಿನ ಎಂಟೂವರೆ, ಮಾಸ್ಕೋದಲ್ಲಿ ಒಂಬತ್ತೂವರೆ, ಬೈಕಲ್ ಸರೋವರಕ್ಕೆ ಸಮೀಪವಾದ ಇರ್ಕುತ್ಸ್ಕಿನಲ್ಲಿ ಮಧ್ಯಾಹ್ನ ಎರಡೂವರೆ, ಶಾಂತಸಾಗರದ ತೀರದ ವ್ಲಾದಿವಸ್ತೋಕಿನಲ್ಲಿ ನಾಲ್ಕೂವರೆ, ಕಮ್ಚಾತ್ಕಾದಲ್ಲಿ ಸಂಜೆ ಆರೂವರೆ. ಒಂದೇ ದೇಶದ ಒಂದು ತುದಿಯಲ್ಲಿ ಮಕ್ಕಳು ಶಾಲೆಗೆ ಹೊರಡುವ ವೇಳೆಗೆ ಇನ್ನೊಂದು ತುದಿಯಲ್ಲಿ ಮಕ್ಕಳು ಆಟ ಮುಗಿಸಿ ಮನೆಗೆ ಬಂದಿರುತ್ತಾರೆ. ಇವುಗಳಲ್ಲಿ ಯಾವುದನ್ನು ಬರೆಯಬೇಕೆಂದು ನಿಮಗೆ ಮೊದಲು ತೋರಿತು?

ಸಂಪಾದಕ: ರಾಜಧಾನಿಯ ಗಂಟೆಯನ್ನೇ ಬರೆದುಬಿಡುವುದೆಂದು ತೋರಿತು. ದೇಶದ ಹೆಸರಿನಲ್ಲಿ ಮಾತನಾಡುವ ಊರು ಅದೇ ಅಲ್ಲವೇ?

ಹಿರಿಯರು: ರಷ್ಯದ ಮಟ್ಟಿಗೆ ಈ ಎಣಿಕೆಗೆ ಬಲವಾದ ಆಧಾರವೇ ಇದೆ. 2011ರಲ್ಲಿ ಆ ದೇಶದಲ್ಲಿ ಕಾಲಗಣನೆಯನ್ನು ಕುರಿತು ಒಂದು ಶಾಸನವಾಯಿತು. ಇತರ ಎಲ್ಲ ವಲಯಗಳ ಕಾಲವನ್ನೂ ಮಾಸ್ಕೋ ಕಾಲದಿಂದಲೇ ಎಣಿಸತಕ್ಕದ್ದೆಂದು ಅದರಲ್ಲಿ ವಿಧಿಸಿದೆ. ವಲಯಗಳನ್ನು ಗುರುತಿಸುವ ರೀತಿಯೂ ಹಾಗೆಯೇ ಇದೆ: ಕಲಿನಿನ್‌ಗ್ರಾದಿನದು ಮಾಸ್ಕೋಗಿಂತ ಒಂದು ಗಂಟೆ ಕಡಿಮೆ, ಇರ್ಕುತ್ಸ್ಕಿನದು ಐದು ಗಂಟೆ ಹೆಚ್ಚು, ಕಮ್ಚಾತ್ಕಾದ್ದು ಒಂಬತ್ತು ಗಂಟೆ ಹೆಚ್ಚು, ಎಂದು. ಗ್ರೀನಿಚ್ಚಿನಿಂದ ಎಷ್ಟು ಗಂಟೆ ದೂರವೆಂಬುದನ್ನು ಅಲ್ಲಿನ ಸಾಮಾನ್ಯ ಗೃಹಸ್ಥನು ನೆನಪಿಡುವ ಅಗತ್ಯವಿಲ್ಲ; ಮಾಸ್ಕೋದಿಂದ ಎಷ್ಟು ದೂರವೆಂಬುದನ್ನು ಮಾತ್ರ ಅವನು ಮರೆಯುವಂತಿಲ್ಲ. ಆದುದರಿಂದ, ಒಂದೇ ಗಡಿಯಾರವನ್ನು ಹೇಳಿ ಉಳಿದ ಹತ್ತನ್ನು ಅದರಿಂದ ತಿಳಿಯಬೇಕೆಂದಾದರೆ, ಹೇಳತಕ್ಕದ್ದು ಮಾಸ್ಕೋ ಗಡಿಯಾರವೇ.

ಸಂಪಾದಕ: ಹಾಗಾದರೆ ಪ್ರಶ್ನೆ ಬಗೆಹರಿದಂತಾಯಿತಲ್ಲ!

ಹಿರಿಯರು: ಆಗಲಿಲ್ಲ. ಅದೇ ದೇಶದ ರೈಲ್ವೆಯವರು, ನೀವು ಈಗ ಹೇಳಿದ ಉತ್ತರವನ್ನೇ ಹಿಡಿದು ಬಹುಕಾಲ ನಡೆದರು. 2018ರಲ್ಲಿ ಅದನ್ನು ಬಿಟ್ಟರು. ಅವರು ಅದನ್ನು ಏಕೆ ಹಿಡಿದಿದ್ದರು, ಏಕೆ ಬಿಟ್ಟರು ಎಂಬ ಎರಡೂ ತಿಳಿದರೆ ನಿಮ್ಮ ಸಾಲು ತಾನಾಗಿಯೇ ಸರಿಯಾಗುತ್ತದೆ.

ಸಂಪಾದಕ: ದಯವಿಟ್ಟು ವಿಸ್ತಾರವಾಗಿ ಹೇಳಬೇಕು.

ಹಿರಿಯರು: ಮಾಸ್ಕೋದಿಂದ ವ್ಲಾದಿವಸ್ತೋಕಿಗೆ ಹೋಗುವ ರೈಲುದಾರಿಯ ಉದ್ದ 9,289 ಕಿಲೋಮೀಟರು. ಆ ದಾರಿಯ ಎರಡು ತುದಿಗಳ ಗಡಿಯಾರಗಳಿಗೆ ಇಂದು ಏಳು ಗಂಟೆಗಳ ಅಂತರ. ಹೀಗಿದ್ದರೂ, 2018ರ ಜುಲೈ ತಿಂಗಳು ಮುಗಿಯುವವರೆಗೆ, ಆ ದಾರಿಯ ಯಾವ ನಿಲ್ದಾಣದಲ್ಲಿ ಇಳಿದರೂ ವೇಳಾಪಟ್ಟಿಯಲ್ಲಿ ಕಾಣುತ್ತಿದ್ದುದು ಮಾಸ್ಕೋ ಕಾಲ. ಟಿಕೆಟ್ಟಿನ ಮೇಲೆ ಅಚ್ಚಾಗಿರುತ್ತಿದ್ದುದು ಮಾಸ್ಕೋ ಕಾಲ. ಪ್ಲಾಟ್‌ಫಾರಂ ಗಡಿಯಾರದ ಮುಳ್ಳುಗಳು ತೋರಿಸುತ್ತಿದ್ದುದೂ ಅದನ್ನೇ. ನಿಲ್ದಾಣದ ಹೊರಬಾಗಿಲನ್ನು ದಾಟಿ ಬೀದಿಗೆ ಬಂದರೆ ಅಂಗಡಿ, ಕಚೇರಿ, ಶಾಲೆಗಳೆಲ್ಲ ಬೇರೆ ಗಂಟೆಯಲ್ಲಿ ನಡೆಯುತ್ತಿದ್ದುವು. ವೇಳೆಯನ್ನು ಮಾಸ್ಕೋ ಕಾಲದಲ್ಲಿ ಕೊಟ್ಟಿದೆಯೆಂಬ ಸೂಚನೆ ಟಿಕೆಟ್ಟಿನ ಕೆಳಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತಿತ್ತು.

ಸಂಪಾದಕ: ಊರಿನಲ್ಲಿ ಎಲ್ಲರೂ ಒಪ್ಪಿದ ಗಂಟೆಯೊಂದಿರುವಾಗ, ನಿಲ್ದಾಣದ ಗೋಡೆಯ ಒಳಗೆ ಸಾವಿರಾರು ಮೈಲಿ ಆಚೆಯ ಗಂಟೆಯನ್ನು ತೋರಿಸುವುದು ಪ್ರಯಾಣಿಕನನ್ನು ಗಾಸಿಗೊಳಿಸಿದಂತೆ ಅಲ್ಲವೇ?

ಹಿರಿಯರು: ಗಾಡಿಯನ್ನು ಹತ್ತುವವನ ಕಡೆಯಿಂದ ನೋಡಿದರೆ ಹಾಗೆಯೇ ಕಾಣುತ್ತದೆ. ಗಾಡಿಯನ್ನು ನಡೆಸುವವನ ಕಡೆಯಿಂದಲೂ ಒಮ್ಮೆ ನೋಡಿರಿ. ಕಂಟ್ರೋಲ್ ಆಫೀಸಿನಲ್ಲಿ ನಾವು ಒಂದು ದೊಡ್ಡ ಚಾರ್ಟನ್ನು ಹರಡಿಕೊಂಡು ಕುಳಿತುಕೊಳ್ಳುತ್ತಿದ್ದೆವು. ಅದರಲ್ಲಿ ಎಡದಿಂದ ಬಲಕ್ಕೆ ಗಂಟೆ ನಿಮಿಷಗಳು, ಮೇಲಿನಿಂದ ಕೆಳಕ್ಕೆ ಸ್ಟೇಷನ್ನುಗಳು. ಪ್ರತಿಯೊಂದು ಗಾಡಿಯೂ ಆ ಕಾಗದದ ಮೇಲೆ ಒಂದು ಓರೆಗೆರೆ. ಇಳಿದು ಬರುವ ಗೆರೆಯೂ ಏರಿ ಹೋಗುವ ಗೆರೆಯೂ ಎಲ್ಲಿ ಒಂದನ್ನೊಂದು ಕತ್ತರಿಸುವುವೋ ಅಲ್ಲಿ, ಆ ನಿಮಿಷಕ್ಕೆ ಸರಿಯಾಗಿ, ಒಂದು ಗಾಡಿಯನ್ನು ಲೂಪಿನಲ್ಲಿ ನಿಲ್ಲಿಸಿ ಇನ್ನೊಂದಕ್ಕೆ ದಾರಿ ಬಿಡಬೇಕು. ಈಗ ಆ ಚಾರ್ಟಿನ ನಡುವೆ ಕಾಲವಲಯದ ಗಡಿಯೊಂದು ಹಾದುಹೋಯಿತೆಂದು ಭಾವಿಸಿರಿ. ಗಡಿಯ ಮೇಲಿನ ಸ್ಟೇಷನ್ನಿನಲ್ಲಿ ಹತ್ತಕ್ಕೆ ಹೊರಟ ಗಾಡಿಯ ಗೆರೆ ಕೆಳಗಿನ ಸ್ಟೇಷನ್ನಿನಲ್ಲಿ ಹನ್ನೊಂದೂಕಾಲಿಗೆ ಹೋಗಿ ಬೀಳುತ್ತದೆ. ನಿಜವಾಗಿ ಕಳೆದದ್ದು ಹದಿನೈದೇ ನಿಮಿಷ. ಎದುರಿನಿಂದ ಬರುವ ಗಾಡಿಯಾದರೋ ತಾನು ಹೊರಟ ವೇಳೆಗಿಂತ ಮುಂಚೆಯೇ ಬಂದು ಸೇರಿದಂತೆ ಕಾಣುತ್ತದೆ. ಗೆರೆ ಮುರಿದ ಮೇಲೆ ಕ್ರಾಸಿಂಗ್ ಎಲ್ಲಿ ಬೀಳುವುದೆಂದು ಹೇಗೆ ತಿಳಿಯಬೇಕು? ಒಂದು ಗಂಟೆಯ ತಪ್ಪು ತಿಳಿವಳಿಕೆಯಿಂದ ಎರಡು ಗಾಡಿಗಳು ಒಂದೇ ಹಳಿಯ ಮೇಲೆ ಎದುರೆದುರಾಗಬಹುದು. ಆದುದರಿಂದ, ರೈಲು ಹುಟ್ಟಿದ ಕಾಲದಿಂದಲೂ ಎಲ್ಲ ದೇಶಗಳ ರೈಲ್ವೆಯವರು ಒಂದೇ ಗಡಿಯಾರಕ್ಕಾಗಿ ಹಂಬಲಿಸಿದ್ದಾರೆ. ಅದು ಹಟವಲ್ಲ, ಪ್ರಾಣರಕ್ಷಣೆಯ ಉಪಾಯ. ರಷ್ಯದವರೂ ಕ್ರಾಂತಿಗೆ ಮುಂಚೆ ಸೇಂಟ್ ಪೀಟರ್ಸ್‌ಬರ್ಗಿನ ಗಡಿಯಾರದಿಂದ ಗಾಡಿಗಳನ್ನು ನಡೆಸುತ್ತಿದ್ದರು. ಬಳಿಕ ಮಾಸ್ಕೋದ್ದು ಬಂದಿತು.

ಸಂಪಾದಕ: ನಡೆಸುವವರು ಒಂದು ಗಡಿಯಾರವನ್ನಿಟ್ಟುಕೊಳ್ಳಲಿ. ಅದನ್ನೇ ಹತ್ತುವವನಿಗೂ ಹೇಳಬೇಕೆಂಬ ನಿರ್ಬಂಧವೇನು?

ಹಿರಿಯರು: ನೀವು ಸರಿಯಾದ ಸ್ಥಳಕ್ಕೇ ಬಂದಿರಿ. ಆದರೂ, ಹತ್ತುವವನಿಗೂ ಒಂದು ಅನುಕೂಲ ಇತ್ತೆಂಬುದನ್ನು ಮರೆಯಬಾರದು. ಲೆಕ್ಕಕ್ಕಾಗಿ ಒಂದು ಗಾಡಿಯನ್ನು ಕಲ್ಪಿಸಿಕೊಳ್ಳೋಣ. ಅದು ಇರ್ಕುತ್ಸ್ಕಿನಿಂದ ಪಶ್ಚಿಮಕ್ಕೆ, 9ನೆಯ ತಾರೀಖು ಮಾಸ್ಕೋ ಕಾಲ 22.10ಕ್ಕೆ ಹೊರಟು, 11ನೆಯ ತಾರೀಖು ಮಾಸ್ಕೋ ಕಾಲ 4.10ಕ್ಕೆ ನೊವೊಸಿಬಿರ್ಸ್ಕನ್ನು ಸೇರುತ್ತದೆಯೆನ್ನಿ. ಒಂದರಿಂದ ಇನ್ನೊಂದನ್ನು ಕಳೆದರೆ ಪ್ರಯಾಣ ಮೂವತ್ತು ಗಂಟೆಗಳದ್ದೆಂದು ಥಟ್ಟನೆ ತಿಳಿಯುತ್ತದೆ. ಇದನ್ನೇ ಆಯಾ ಊರಿನ ಕಾಲದಲ್ಲಿ ಬರೆದರೆ, ಹೊರಟದ್ದು 10ನೆಯ ತಾರೀಖು ಬೆಳಗಿನ ಜಾವ 3.10; ನೊವೊಸಿಬಿರ್ಸ್ಕ್ ಮಾಸ್ಕೋಗಿಂತ ನಾಲ್ಕು ಗಂಟೆ ಮುಂದಿರುವುದರಿಂದ, ಸೇರಿದ್ದು 11ನೆಯ ತಾರೀಖು 8.10. ಕಳೆದು ನೋಡಿದರೆ ಇಪ್ಪತ್ತೊಂಬತ್ತೇ ಗಂಟೆ ಬರುತ್ತದೆ; ಒಂದು ಗಂಟೆ ಕಾಗದದ ಮೇಲೆ ಮಾಯವಾಗಿದೆ. ಏಳು ದಿನದ ಪ್ರಯಾಣದಲ್ಲಿ, ಮುಂದಿನ ನಿಲ್ದಾಣಕ್ಕೆ ಇನ್ನೆಷ್ಟು ಹೊತ್ತೆಂದು ಲೆಕ್ಕ ಹಾಕುತ್ತ ಕಿಟಕಿಯ ಬಳಿ ಕುಳಿತವನಿಗೆ ಮಾಸ್ಕೋ ಗಡಿಯಾರವೇ ನಂಬಿಕೆಯ ಸಂಗಾತಿಯಾಗಿತ್ತು.

ಸಂಪಾದಕ: ಇದೇ ಲೆಕ್ಕದಲ್ಲಿ ನನಗೆ ಭಯ ಹುಟ್ಟಿಸುವ ಅಂಶವೊಂದು ಕಾಣುತ್ತಿದೆ. ಟಿಕೆಟ್ಟಿನ ಮೇಲೆ 9ನೆಯ ತಾರೀಖೆಂದು ಇರುವುದು. ಗಾಡಿ ಹೊರಡುವಾಗ ಇರ್ಕುತ್ಸ್ಕಿನ ಗೋಡೆಗಳ ಮೇಲೆ 10ನೆಯ ತಾರೀಖು!

ಹಿರಿಯರು: ಹೌದು, ಗಂಟೆಗಿಂತಲೂ ತಾರೀಖೇ ಹೆಚ್ಚು ಜನರನ್ನು ಕೆಡಿಸುವಂಥದು. ಹೊಸಬನೊಬ್ಬನು ಟಿಕೆಟ್ಟನ್ನು ನೋಡಿ, 22.10 ಎಂಬುದನ್ನು ಊರಿನ ಗಂಟೆಯೆಂದೇ ತಿಳಿದು 9ನೆಯ ತಾರೀಖು ರಾತ್ರಿ ನಿಲ್ದಾಣಕ್ಕೆ ಬಂದನೆನ್ನಿ. ಗಾಡಿಗೆ ಇನ್ನೂ ಐದು ಗಂಟೆ ಇದೆ. ಬೆಂಚಿನ ಮೇಲೆ ತೂಕಡಿಸುತ್ತ ಕಾಯುತ್ತಾನೆ, ಆದರೆ ಗಾಡಿ ಸಿಕ್ಕುತ್ತದೆ. ಅರೆತಿಳಿವಳಿಕೆಯವನು, ಐದು ಗಂಟೆ ಕೂಡಿಸಿ 3.10 ಎಂದು ಸರಿಯಾಗಿಯೇ ಎಣಿಸಿ, ತಾರೀಖನ್ನು ಮಾತ್ರ ಬದಲಾಯಿಸುವುದನ್ನು ಮರೆತು 9ನೆಯ ತಾರೀಖಿನ ಬೆಳಗಿನ ಜಾವವೇ ಬಂದರೆ, ಅವನು ಒಂದು ಇಡೀ ದಿನ ಮುಂಚಿತವಾಗಿ ಬಂದಂತಾಯಿತು. ಇವೆರಡೂ ತೊಂದರೆಗಳೇ. ಆದರೆ ಇವುಗಳ ಸ್ವಭಾವವನ್ನು ಸ್ವಲ್ಪ ಗಮನಿಸಿರಿ: ಮಾಸ್ಕೋಗೆ ಪೂರ್ವದಲ್ಲಿರುವವನು ಮಾಸ್ಕೋ ಕಾಲವನ್ನು ತನ್ನ ಊರಿನದೆಂದು ತಪ್ಪಾಗಿ ತಿಳಿದರೆ, ಅವನು ಯಾವಾಗಲೂ ಬೇಗ ಬರುತ್ತಾನೆಯೇ ಹೊರತು ತಡವಾಗಿ ಬರಲಾರನು.

ಸಂಪಾದಕ: ಏಕೆಂದರೆ ಪೂರ್ವದ ಗಡಿಯಾರ ಮುಂದಿದೆ, ಆ ಸಂಖ್ಯೆ ಅವನ ಊರಿನಲ್ಲಿ ಮೊದಲೇ ಬಂದುಬಿಡುತ್ತದೆ.

ಹಿರಿಯರು: ನಿಜ. ಈಗ ಮಾಸ್ಕೋಗೆ ಪಶ್ಚಿಮದಲ್ಲಿರುವ ಕಲಿನಿನ್‌ಗ್ರಾದಿಗೆ ಹೋಗೋಣ. ಅಲ್ಲಿ ಟಿಕೆಟ್ಟಿನ ಮೇಲೆ ಮಾಸ್ಕೋ ಕಾಲ 10.00 ಎಂದಿದ್ದರೆ ಊರಿನಲ್ಲಿ ಆಗ ಒಂಬತ್ತು ಗಂಟೆ. ಅದನ್ನು ಊರಿನ ಗಂಟೆಯೆಂದು ನಂಬಿ ಹತ್ತಕ್ಕೆ ಬಂದವನ ಪಾಲಿಗೆ ಗಾಡಿ ಹೋಗಿ ಒಂದು ಗಂಟೆಯಾಗಿರುತ್ತದೆ. ಒಂದೇ ಬಗೆಯ ತಪ್ಪು, ಒಂದು ದಿಕ್ಕಿನಲ್ಲಿ ಕಾಯಿಸುತ್ತದೆ, ಇನ್ನೊಂದು ದಿಕ್ಕಿನಲ್ಲಿ ಗಾಡಿಯನ್ನೇ ತಪ್ಪಿಸುತ್ತದೆ. ರಷ್ಯದ ನೆಲವೂ ಜನವೂ ಮಾಸ್ಕೋಗೆ ಪೂರ್ವದಲ್ಲಿಯೇ ಬಹುದೂರ ಹಬ್ಬಿರುವುದರಿಂದಲೂ, ಹಿಂದಿರುವ ವಲಯವೆಂದರೆ ಕಲಿನಿನ್‌ಗ್ರಾದಿನದೊಂದೇ ಆಗಿರುವುದರಿಂದಲೂ, ಆ ಹಳೆಯ ಪದ್ಧತಿ ಅಷ್ಟು ದೀರ್ಘಕಾಲ ಸಹ್ಯವಾಗಿ ನಡೆಯಿತೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಇದು ತಲೆಕೆಳಗಾಗಿತ್ತೆಂಬುದನ್ನು ನೆನೆಯಬೇಕು. 1906ರಲ್ಲಿ ಭಾರತದ ಪ್ರಮಾಣಕಾಲ ಬರುವುದಕ್ಕೆ ಮುಂಚೆ ನಮ್ಮ ರೈಲುಗಳು ಮದರಾಸಿನ ಕಾಲದಿಂದ ಓಡುತ್ತಿದ್ದುವು. ಅದು ಗ್ರೀನಿಚ್ಚಿಗಿಂತ ಐದು ಗಂಟೆ ಇಪ್ಪತ್ತೊಂದು ನಿಮಿಷ ಮುಂದು. ಬೆಂಗಳೂರು ಮದರಾಸಿಗೆ ಪಶ್ಚಿಮದಲ್ಲಿರುವುದರಿಂದ ಇಲ್ಲಿನ ಸೂರ್ಯ ಹತ್ತು ಹನ್ನೊಂದು ನಿಮಿಷ ಹಿಂದೆ. ಮನೆಯ ಗಡಿಯಾರವನ್ನು ಸೂರ್ಯನಿಗೆ ಹೊಂದಿಸಿಕೊಂಡ ಗೃಹಸ್ಥನು ಆ ಗಡಿಯಾರವನ್ನು ನಂಬಿ ಸ್ಟೇಷನ್ನಿಗೆ ಬಂದರೆ, ಅವನು ಕಲಿನಿನ್‌ಗ್ರಾದಿನವನ ಪಾಡಿಗೇ ಒಳಗಾಗತಕ್ಕವನು. ಮುಂಬಯಿಯವನಿಗೆ ಈ ವ್ಯತ್ಯಾಸ ಅರ್ಧ ಗಂಟೆ. ಕಲ್ಕತ್ತೆಯವನು ಮಾತ್ರ ಪೂರ್ವದವನಾದುದರಿಂದ ಅರ್ಧ ಗಂಟೆ ಕಾದು ಗಾಡಿಯನ್ನು ಹಿಡಿಯಬಲ್ಲವನಾಗಿದ್ದನು.

ಸಂಪಾದಕ: ಹಾಗಾದರೆ 2018ರಲ್ಲಿ ರಷ್ಯದವರು ಮಾಡಿದ್ದೇನು?

ಹಿರಿಯರು: ಆ ವರ್ಷ ಆಗಸ್ಟ್ 1ರಿಂದ ಪ್ರಯಾಣಿಕನ ಕಣ್ಣಿಗೆ ಬೀಳುವ ವೇಳೆಯನ್ನೆಲ್ಲ ಆಯಾ ನಿಲ್ದಾಣದ ಸ್ಥಳೀಯ ಕಾಲಕ್ಕೆ ಬದಲಾಯಿಸಿದರು. ಹೊರಡುವ ವೇಳೆ ಹೊರಡುವ ಊರಿನ ಗಂಟೆಯಲ್ಲಿ, ತಲುಪುವ ವೇಳೆ ತಲುಪುವ ಊರಿನ ಗಂಟೆಯಲ್ಲಿ. ವಿಮಾನದ ಟಿಕೆಟ್ಟಿನಲ್ಲಿ ಇರುವ ಕ್ರಮವೇ ರೈಲಿಗೂ ಬಂದಿತು. ಒಂದೇ ಪ್ರಯಾಣದಲ್ಲಿ ವಿಮಾನದಿಂದಿಳಿದು ರೈಲನ್ನು ಹತ್ತುವವನು ಒಂದು ಕಾಗದದಲ್ಲಿ ಊರಿನ ಗಂಟೆಯನ್ನೂ ಇನ್ನೊಂದು ಕಾಗದದಲ್ಲಿ ಮಾಸ್ಕೋ ಗಂಟೆಯನ್ನೂ ಓದಬೇಕಾದ ಕಷ್ಟ ಅಲ್ಲಿಗೆ ತೀರಿತು.

ಆದರೆ ಇಂಥ ಬದಲಾವಣೆಯ ಮೊದಲ ತಿಂಗಳುಗಳು ಬಹಳ ಅಪಾಯದವು. ಬಾಳಿನುದ್ದಕ್ಕೂ ಟಿಕೆಟ್ಟಿನ ಗಂಟೆಗೆ ಐದನ್ನು ಕೂಡಿಸಿ ರೂಢಿಯಾದ ಇರ್ಕುತ್ಸ್ಕಿನ ವೃದ್ಧರೊಬ್ಬರು ಹೊಸ ಟಿಕೆಟ್ಟಿನಲ್ಲಿ 3.10 ಎಂಬುದನ್ನು ನೋಡಿ, ಅದಕ್ಕೂ ಐದನ್ನು ಕೂಡಿಸಿ 8.10ಕ್ಕೆ ನೆಮ್ಮದಿಯಾಗಿ ಬಂದರೆನ್ನಿ. ಗಾಡಿ ಹೋಗಿ ಐದು ಗಂಟೆಗಳಾಗಿರುತ್ತವೆ. ಅಂದರೆ, ಹಳೆಯ ಪದ್ಧತಿಯಲ್ಲಿ ತಿಳಿಯದವನು ಕಾಯುತ್ತಿದ್ದನು. ಹೊಸ ಪದ್ಧತಿಯಲ್ಲಿ ಹಳೆಯದನ್ನು ತಿಳಿದವನೇ ಗಾಡಿಯನ್ನು ಕಳೆದುಕೊಳ್ಳತಕ್ಕವನಾದನು. ಆದುದರಿಂದಲೇ, ಗಂಟೆಯ ಪಕ್ಕದಲ್ಲಿಯೇ ಅದು ಯಾವ ಊರಿನ ಗಂಟೆಯೆಂದು ಸ್ಪಷ್ಟವಾಗಿ, ಅದೇ ಗಾತ್ರದ ಅಕ್ಷರಗಳಲ್ಲಿ, ಹೇಳಬೇಕೆಂದು ನಾನು ಒತ್ತಿ ಹೇಳುವುದು. ಕಾಗದದ ತಳದ ಸಣ್ಣಕ್ಷರದಲ್ಲಿ ಅಡಗಿದ ಸೂಚನೆಯನ್ನು ಓದುವವರು ಯಾರು?

ಸಂಪಾದಕ: ತಾವು ಹೇಳಿದುದರಿಂದ ನನಗೆ ಇಷ್ಟು ಹೊಳೆಯುತ್ತದೆ: ಗಡಿಯಾರವನ್ನು ಆರಿಸಬೇಕಾದದ್ದು ದೇಶವನ್ನು ನೋಡಿಯಲ್ಲ, ಆ ಗಂಟೆಯನ್ನು ಓದಿ ಎದ್ದು ಹೊರಡತಕ್ಕ ಮನುಷ್ಯನು ಎಲ್ಲಿ ನಿಂತಿದ್ದಾನೆಂಬುದನ್ನು ನೋಡಿ.

ಹಿರಿಯರು: ಅವನು ಎಲ್ಲಿ ನಿಂತಿದ್ದಾನೆಂಬುದು ಒಂದು; ಅವನು ಹಿಡಿಯಬೇಕಾದ ಘಟನೆ ಯಾವ ಗಡಿಯಾರಕ್ಕೆ ಕಟ್ಟುಬಿದ್ದಿದೆಯೆಂಬುದು ಇನ್ನೊಂದು. ಹೊಸ ವರ್ಷದ ರಾತ್ರಿಯನ್ನು ತೆಗೆದುಕೊಳ್ಳಿರಿ. ರಷ್ಯದ ಅಧ್ಯಕ್ಷರ ಭಾಷಣವನ್ನು ಮೊದಲೇ ಮುದ್ರಿಸಿಕೊಂಡು, ಒಂದೊಂದು ವಲಯದಲ್ಲಿಯೂ ಅಲ್ಲಿನ ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ದೂರದರ್ಶನದಲ್ಲಿ ಪ್ರಸಾರ ಮಾಡುತ್ತಾರೆ. ಅದರ ಬೆನ್ನಿಗೇ ಕ್ರೆಮ್ಲಿನ್ನಿನ ಸ್ಪಾಸ್ಕಯಾ ಗೋಪುರದ ಗಡಿಯಾರ ಹನ್ನೆರಡು ಹೊಡೆಯುವುದನ್ನು ತೋರಿಸುತ್ತಾರೆ. ಕಮ್ಚಾತ್ಕಾದವನು ಆ ನಾದವನ್ನು ಕೇಳುವಾಗ ಮಾಸ್ಕೋದಲ್ಲಿ ನಿಜವಾಗಿ ಮಧ್ಯಾಹ್ನ ಮೂರು ಗಂಟೆ. ವರ್ಷ ಹುಟ್ಟುವುದು ಆಯಾ ಊರಿನ ಮಧ್ಯರಾತ್ರಿಯಲ್ಲಿಯೇ ಹೊರತು ಮಾಸ್ಕೋದ ಮಧ್ಯರಾತ್ರಿಯಲ್ಲಲ್ಲವೆಂದು, ಕೇಂದ್ರಕ್ಕೆ ಅಷ್ಟು ಪ್ರಾಧಾನ್ಯವನ್ನು ಕೊಡುವ ಆ ರಾಜ್ಯವೂ ಒಪ್ಪಿಕೊಂಡಿದೆ. ಅದೇ ಮಾಸ್ಕೋದಲ್ಲಿ ನಡೆಯುವ ಫುಟ್‌ಬಾಲ್ ಪಂದ್ಯವೊಂದನ್ನು ದೇಶವೆಲ್ಲ ಏಕಕಾಲಕ್ಕೆ ನೋಡಬೇಕಾದರೆ, ಹೇಳಬೇಕಾದ ಗಂಟೆ ಮಾಸ್ಕೋದ್ದೇ, ಉಳಿದವರು ಕೂಡಿಸಿಕೊಳ್ಳಲಿ. ಸ್ಪೇನಿನ ಆಕಾಶವಾಣಿಯವರು ಇನ್ನೊಂದು ಸೌಜನ್ಯವನ್ನು ಪಾಲಿಸುತ್ತ ಬಂದಿದ್ದಾರೆ: ಗಂಟೆಯನ್ನು ಹೇಳಿದೊಡನೆ, ಕ್ಯಾನರಿ ದ್ವೀಪಗಳಲ್ಲಿ ಒಂದು ಗಂಟೆ ಕಡಿಮೆಯೆಂದು ಸೇರಿಸುತ್ತಾರೆ. ಎರಡೇ ವಲಯಗಳಿರುವ ದೇಶದಲ್ಲಿ ಅಷ್ಟು ಸಾಕು. ಹನ್ನೊಂದಿರುವಲ್ಲಿ ಆ ಉಪಾಯ ನಡೆಯದು.

ಸಂಪಾದಕ: ನಮ್ಮ ದಿನದರ್ಶಿಕೆಯನ್ನು ಓದುವವರು ರಷ್ಯದಲ್ಲಿ ರೈಲು ಹತ್ತುವವರಲ್ಲ. ಕರ್ನಾಟಕದಿಂದ ವೈದ್ಯಶಾಸ್ತ್ರವನ್ನು ಕಲಿಯಲು ಅಲ್ಲಿಗೆ ಹೋದ ಮಕ್ಕಳ ತಂದೆತಾಯಿಗಳು ಇದ್ದಾರೆ. ಅವರೇ ಆ ಸಾಲನ್ನು ಹುಡುಕತಕ್ಕವರು.

ಹಿರಿಯರು: ಹಾಗಾದರೆ ಅವರಲ್ಲಿ ಒಬ್ಬ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ವಿಚಾರ ಮಾಡೋಣ. ಅವಳ ಮಗ ವೋಲ್ಗಾ ನದಿಯ ದಡದ ವೋಲ್ಗಗ್ರಾದಿನಲ್ಲಿ ಓದುತ್ತಿದ್ದಾನೆನ್ನಿ. ಇಂದು ಆ ಊರಿನ ಗಡಿಯಾರವೂ ಮಾಸ್ಕೋದ್ದೂ ಒಂದೇ. ನಮಗಿಂತ ಎರಡೂವರೆ ಗಂಟೆ ಹಿಂದೆ. ಆದರೆ 2018ರ ಅಕ್ಟೋಬರ್ 28ರಂದು ಆ ಪ್ರಾಂತದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಾಸ್ಕೋದಿಂದ ಬೇರೆಯಾದರು; ಅದಕ್ಕೆ ಮುಂಚೆ ಜನರ ಮತವನ್ನೂ ಕೇಳಿದ್ದರು. ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಕ್ಕಲಿಯೆಂಬುದು ಆಸೆ. ಆ ಊರಿನ ರೇಖಾಂಶ ಸುಮಾರು ನಲವತ್ತನಾಲ್ಕೂವರೆ ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಎಣಿಸಿದರೆ ಅಲ್ಲಿನ ಸೂರ್ಯ ಗ್ರೀನಿಚ್ಚಿಗಿಂತ ಎರಡು ಗಂಟೆ ಐವತ್ತೆಂಟು ನಿಮಿಷ ಮುಂದಿದ್ದಾನೆ. ಮಾಸ್ಕೋ ಕಾಲ ಮೂರು ಗಂಟೆ ಮುಂದಿರುವುದು. ಆ ಊರಿನ ಸೂರ್ಯನಿಗೆ ಅದು ಬಹುತೇಕ ಸರಿಯಾಗಿಯೇ ಹೊಂದುತ್ತಿತ್ತು. ನಾಲ್ಕು ಗಂಟೆಗೆ ಏರಿಸಿದುದರಿಂದ ಸಂಜೆ ಬೆಳಕಾಯಿತು, ಮುಂಜಾನೆ ಕತ್ತಲಾಯಿತು. ಎರಡು ವರ್ಷ ಕಳೆದ ಮೇಲೆ, 2020ರ ಡಿಸೆಂಬರ್ 27ರಂದು, ಗಡಿಯಾರವನ್ನು ಮತ್ತೆ ಹಿಂದಕ್ಕೆ ತಂದರು.

ಸಂಪಾದಕ: ನಡುವಿನ ಆ ಎರಡು ವರ್ಷಗಳಲ್ಲಿ, ‘ರಷ್ಯ: ಎರಡೂವರೆ ಗಂಟೆ ಹಿಂದೆ’ ಎಂಬ ಸಾಲನ್ನು ನಂಬಿದ ತಾಯಿಗೆ ಏನಾಗುತ್ತಿತ್ತು?

ಹಿರಿಯರು: ಮಗನಿಗೆ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ, ಅದಕ್ಕೆ ಮುಂಚೆ ಒಂದು ಮಾತು ಆಡಿ ಹರಸಬೇಕೆಂದು ಅವಳು ಲೆಕ್ಕ ಹಾಕುತ್ತಾಳೆ. ಮಾಸ್ಕೋ ಲೆಕ್ಕದಂತೆ ಅವನ ಹತ್ತು ಗಂಟೆ ನಮ್ಮ ಹನ್ನೆರಡೂವರೆ. ಹನ್ನೆರಡಕ್ಕೆ ಫೋನು ಮಾಡಿದರೆ ಅರ್ಧ ಗಂಟೆ ಉಳಿದಿರುತ್ತದೆಂದು ಅವಳ ಎಣಿಕೆ. ನಿಜವಾಗಿ ಆ ವರ್ಷಗಳಲ್ಲಿ ವೋಲ್ಗಗ್ರಾದು ನಮಗಿಂತ ಒಂದೂವರೆ ಗಂಟೆಯಷ್ಟೇ ಹಿಂದಿದ್ದುದರಿಂದ, ಪರೀಕ್ಷೆ ನಮ್ಮ ಹನ್ನೊಂದೂವರೆಗೇ ಆರಂಭವಾಗಿರುತ್ತದೆ. ಅವಳ ಕರೆ ಉತ್ತರವಿಲ್ಲದೆ ನಿಲ್ಲುತ್ತದೆ. ಮಗನಿಗೇನಾಯಿತೋ ಎಂಬ ಕಳವಳ ಮಾತ್ರ ಅವಳ ಪಾಲಿಗೆ. ಹಾಗೆಂದು ಆ ಸಾಲಿನಲ್ಲಿದ್ದ ಅಂಕಿ ಸುಳ್ಳಲ್ಲ. ಮಾಸ್ಕೋಗೆ ಅದು ಸತ್ಯವೇ. ಮಾಸ್ಕೋ ಎಂಬ ಹೆಸರನ್ನು ಬಿಟ್ಟು ರಷ್ಯವೆಂದು ಬರೆದುದೇ ಕೇಡಿಗೆ ಕಾರಣ. ‘ಮಾಸ್ಕೋ’ ಎಂದಿದ್ದರೆ, ತನ್ನ ಮಗನ ಊರು ಬೇರೆಯಲ್ಲವೇ ಎಂಬ ಸಂದೇಹವಾದರೂ ಅವಳಿಗೆ ಹುಟ್ಟುತ್ತಿತ್ತು. ಅವನನ್ನೇ ಕೇಳಿ ತಿಳಿದುಕೊಳ್ಳುತ್ತಿದ್ದಳು.

ಸಂಪಾದಕ: ಇನ್ನೊಬ್ಬ ತಾಯಿಯ ಮಗಳು ಇರ್ಕುತ್ಸ್ಕಿನಲ್ಲಿದ್ದರೆ?

ಹಿರಿಯರು: ಅದು ಇನ್ನೂ ವಿಚಿತ್ರ. ಮಾಸ್ಕೋ ನಮಗಿಂತ ಎರಡೂವರೆ ಗಂಟೆ ಹಿಂದೆ. ಇರ್ಕುತ್ಸ್ಕ್ ನಮಗಿಂತ ಎರಡೂವರೆ ಗಂಟೆ ಮುಂದೆ. ಅಂಕಿ ಒಂದೇ, ದಿಕ್ಕು ಮಾತ್ರ ಬೇರೆ. ‘ರಷ್ಯಕ್ಕೆ ಎರಡೂವರೆ ಗಂಟೆಯ ವ್ಯತ್ಯಾಸ’ ಎಂದು ಯಾರೋ ಹೇಳಿದ್ದನ್ನು ಕೇಳಿದವಳು, ಅದನ್ನು ಮಾಸ್ಕೋದ ಲೆಕ್ಕದಂತೆ ಕಳೆದು, ನಮ್ಮ ರಾತ್ರಿ ಹತ್ತಕ್ಕೆ ಅಲ್ಲಿ ಏಳೂವರೆಯಿರಬೇಕೆಂದು ಫೋನು ಮಾಡಿದರೆ, ಮಗಳು ನಡುರಾತ್ರಿ ಕಳೆದು ಹನ್ನೆರಡೂವರೆಯಲ್ಲಿ ನಿದ್ದೆಯಿಂದ ಏಳಬೇಕಾಗುತ್ತದೆ. ನಿಮ್ಮ ಕೋಷ್ಟಕದಲ್ಲಿ ‘ವ್ಯತ್ಯಾಸ’ ಎಂದಷ್ಟೇ ಬರೆಯದೆ, ‘ಹಿಂದೆ’, ‘ಮುಂದೆ’ ಎಂಬುದನ್ನು ಅಕ್ಷರಗಳಲ್ಲಿಯೇ ಬರೆಯಿರಿ. ಕೂಡುವ ಚಿಹ್ನೆ, ಕಳೆಯುವ ಚಿಹ್ನೆಗಳು ಅಚ್ಚಿನಲ್ಲಿ ಸವೆದುಹೋಗುವುದುಂಟು. ಅಲ್ಲದೆ ಯಾರಿಂದ ಯಾರಿಗೆ ಕೂಡಬೇಕೆಂಬುದು ಎಲ್ಲರಿಗೂ ತಿಳಿಯುವುದಿಲ್ಲ.

ಸಂಪಾದಕ: ಮಾಸ್ಕೋದ್ದೇ ಆದ ಗಂಟೆಯಾದರೂ ಸ್ಥಿರವೇ?

ಹಿರಿಯರು: ಇಂದಿನ ಮಟ್ಟಿಗೆ ಸ್ಥಿರ. 2011ರ ಮಾರ್ಚಿನಲ್ಲಿ ಬೇಸಗೆಯ ಗಂಟೆಗೆ ತಿರುಗಿಸಿದವರು ಅದನ್ನೇ ವರ್ಷವೆಲ್ಲ ಉಳಿಸಿಕೊಂಡರು. ಆಗ ಮಾಸ್ಕೋ ನಮಗಿಂತ ಒಂದೂವರೆ ಗಂಟೆ ಹಿಂದೆ. ಚಳಿಗಾಲದ ಮುಂಜಾನೆಯ ಕತ್ತಲು ಜನರಿಗೆ ಹಿಡಿಸಲಿಲ್ಲ. 2014ರ ಅಕ್ಟೋಬರ್ 26ರಂದು ಒಂದು ಗಂಟೆ ಹಿಂದಕ್ಕೆ ತಂದು, ಬಳಿಕ ಬೇಸಗೆ ಚಳಿಗಾಲಗಳ ಬದಲಾವಣೆಯಿಲ್ಲದೆ ನಡೆಯುತ್ತಿದ್ದಾರೆ. ಆದರೆ 2013ರ ಒಂದು ಹಳೆಯ ಕೋಷ್ಟಕವನ್ನು ನೀವು ನಂಬಿಕೊಂಡು ನಕಲು ಮಾಡಿದರೆ ಮಾಸ್ಕೋದ ಸಾಲೂ ತಪ್ಪುತ್ತದೆ. ಕಾಲವಲಯದ ಅಂಕಿ ಬೆಟ್ಟದ ಎತ್ತರದಂತೆ ಒಮ್ಮೆ ಅಳೆದರೆ ಮುಗಿಯುವಂಥದಲ್ಲ. ಅದು ಶಾಸನದ ಮಾತು, ಶಾಸನ ಬದಲಾದೊಡನೆ ಬದಲಾಗತಕ್ಕದ್ದು. 2016ನೆಯ ಒಂದೇ ವರ್ಷದಲ್ಲಿ ಅಸ್ತ್ರಾಖಾನ್, ನೊವೊಸಿಬಿರ್ಸ್ಕ್, ತೋಮ್ಸ್ಕ್ ಮೊದಲಾದ ಹಲವು ಪ್ರಾಂತಗಳು ತಮ್ಮ ವಲಯವನ್ನು ಬದಲಾಯಿಸಿಕೊಂಡುವು.

ಸಂಪಾದಕ: ಅಮೆರಿಕದ ಸಾಲಿಗೂ ಇದೇ ನ್ಯಾಯವನ್ನು ಹಚ್ಚಬಹುದಷ್ಟೆ?

ಹಿರಿಯರು: ಇದೇ ನ್ಯಾಯ, ಜೊತೆಗೆ ಒಂದು ಹೆಚ್ಚಿನ ಎಚ್ಚರಿಕೆ. ಅಲ್ಲಿನ ಗಡಿಯಾರಗಳು ಋತುವಿಗೆ ತಕ್ಕಂತೆ ಸರಿಯುತ್ತವೆ; ನ್ಯೂಯಾರ್ಕು ಬೇಸಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಕ್ಯಾಲಿಫೋರ್ನಿಯದವರು ಅದಕ್ಕೂ ಮೂರು ಗಂಟೆ ಹಿಂದೆ. ಅಲ್ಲಿ ನಮ್ಮವರು ಎರಡೂ ಕರಾವಳಿಗಳಲ್ಲಿ ನೆಲಸಿರುವುದರಿಂದ ರಾಜಧಾನಿಯ ಗಂಟೆಯೊಂದನ್ನೇ ಕೊಡುವುದು ಅನ್ಯಾಯ. ಎರಡು ಸಾಲುಗಳನ್ನಾದರೂ ಕೊಡಬೇಕು. ಆಸ್ಟ್ರೇಲಿಯದಲ್ಲಿ ಸಿಡ್ನಿಯೂ ಬ್ರಿಸ್ಬೇನೂ ಒಂದೇ ತೀರದಲ್ಲಿದ್ದರೂ, ಸಿಡ್ನಿ ಬೇಸಗೆಯಲ್ಲಿ ಗಡಿಯಾರವನ್ನು ಮುಂದೂಡುತ್ತದೆ, ಬ್ರಿಸ್ಬೇನು ಮುಂದೂಡುವುದಿಲ್ಲ. ಅದನ್ನೂ ಗಮನಿಸಿರಿ.

ಸಂಪಾದಕ: ಹಾಗಾದರೆ ರಷ್ಯಕ್ಕೆ ಎಷ್ಟು ಸಾಲು ಕೊಡಲಿ? ಪುಟದಲ್ಲಿ ಸ್ಥಳ ಕಡಿಮೆ. ಹನ್ನೊಂದನ್ನೂ ಕೊಟ್ಟರೆ ಜಪಾನಿಗೂ ನೇಪಾಳಕ್ಕೂ ಜಾಗವಿರುವುದಿಲ್ಲ.

ಹಿರಿಯರು: ಹನ್ನೊಂದೂ ಬೇಡ. ಕಮ್ಚಾತ್ಕಾಕ್ಕೆ ಫೋನು ಮಾಡುವ ಕನ್ನಡಿಗರು ಎಷ್ಟು ಮಂದಿ ಇದ್ದಾರು? ಮೊದಲ ಸಾಲು ಮಾಸ್ಕೋ. ಅದು ರಾಜಧಾನಿಯೆಂಬ ಗೌರವದಿಂದಲ್ಲ, ಉಳಿದವುಗಳನ್ನು ಅದರಿಂದ ಎಣಿಸಬೇಕೆಂದು ಅಲ್ಲಿನ ಶಾಸನವೇ ಹೇಳುವುದರಿಂದ. ‘ರಷ್ಯ (ಮಾಸ್ಕೋ): ಬೆಳಿಗ್ಗೆ 9.30, ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ’ ಎಂದು ಬರೆಯಿರಿ. ಅದರ ಕೆಳಗೆ, ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿರುವ ಊರುಗಳು ಯಾವ ವಲಯದಲ್ಲಿವೆಯೋ ಅವುಗಳಿಗೆ ಒಂದೊಂದು ಸಾಲು. ವಲಯದ ಹೆಸರು ಬೇಡ, ಊರಿನ ಹೆಸರು ಬರೆಯಿರಿ; ಯಾವ ತಾಯಿಯೂ ತನ್ನ ಮಗ ಇಂಥ ವಲಯದಲ್ಲಿದ್ದಾನೆಂದು ಹೇಳುವುದಿಲ್ಲ, ಇಂಥ ಊರಿನಲ್ಲಿದ್ದಾನೆಂದು ಹೇಳುತ್ತಾಳೆ. ಮಾಸ್ಕೋದ ಗಂಟೆಯೇ ಇರುವ ಕಜಾನ್, ವೋಲ್ಗಗ್ರಾದುಗಳನ್ನು ಆ ಮೊದಲ ಸಾಲಿನಲ್ಲಿಯೇ ಸೇರಿಸಿದರೆ ಸ್ಥಳ ಉಳಿಯುತ್ತದೆ.

ಸಂಪಾದಕ: ವೋಲ್ಗಗ್ರಾದು ಮತ್ತೆ ಬೇರೆಯಾದರೆ?

ಹಿರಿಯರು: ಅದಕ್ಕಾಗಿಯೇ ಕೋಷ್ಟಕದ ನೆತ್ತಿಯಲ್ಲಿ, ಈ ಅಂಕಿಗಳು ಯಾವ ತಾರೀಖಿನಂದು ಸರಿಯಾಗಿದ್ದುವೆಂಬುದನ್ನು ಅಚ್ಚು ಮಾಡತಕ್ಕದ್ದು. ಪುಟವನ್ನು ಅಚ್ಚಿಗೆ ಕಳುಹಿಸುವ ದಿನ, ಅಲ್ಲಿರುವ ಹುಡುಗರಲ್ಲಿ ಊರಿಗೊಬ್ಬರನ್ನು ಕೇಳಿ, ಅವರ ಗೋಡೆಯ ಗಡಿಯಾರ ಏನು ತೋರಿಸುತ್ತಿದೆಯೆಂಬುದನ್ನೂ ಆ ಕ್ಷಣದಲ್ಲಿ ನಿಮ್ಮದು ಏನು ತೋರಿಸುತ್ತಿದೆಯೆಂಬುದನ್ನೂ ಒಂದರ ಪಕ್ಕದಲ್ಲಿ ಒಂದು ಬರೆದುಕೊಳ್ಳಿರಿ. ಆ ಎರಡು ಅಂಕಿಗಳ ಅಂತರವು ನಿಮ್ಮ ಕೋಷ್ಟಕದೊಡನೆ ಹೊಂದದಿದ್ದರೆ, ಕೋಷ್ಟಕವನ್ನು ತಿದ್ದಿರಿ; ಹುಡುಗನ ಗಡಿಯಾರ ಕೆಟ್ಟಿರಬೇಕೆಂದು ಎಣಿಸುವುದಕ್ಕೆ ಮುಂಚೆ ಆ ಪ್ರಾಂತದವರು ಈಚೆಗೆ ಶಾಸನವೇನಾದರೂ ಮಾಡಿದರೇ ಎಂದು ವಿಚಾರಿಸಿರಿ.